ನಡಾವಳಿಯ ಒಂದು ಕ್ರಿಯಾಪದ, ನೌಕರನ ಷೇರಿನ ಭವಿಷ್ಯ

2023ರ ಜೂನ್‌ನಲ್ಲಿ ಬೆಂಗಳೂರಿನ ಬೈಜೂಸ್ ಸಂಸ್ಥೆಯ ನಿರ್ದೇಶಕ ಮಂಡಳಿಯಿಂದ ಹೂಡಿಕೆದಾರರ ಮೂವರು ಪ್ರತಿನಿಧಿಗಳು ಹೊರನಡೆದರು. ತಾವು ನೀಡಿದ ಸಲಹೆಗಳನ್ನು ಸಂಸ್ಥೆಯ ಆಡಳಿತ ಪದೇ ಪದೇ ಕಡೆಗಣಿಸಿತೆಂದು ಅವರಲ್ಲೊಂದು ಹೂಡಿಕೆ ಸಂಸ್ಥೆಯಾದ ಪ್ರೋಸಸ್ ಮರುತಿಂಗಳು ಬಹಿರಂಗವಾಗಿ ಹೇಳಿತು. ಅಂದಿನಿಂದ ನವೋದ್ಯಮಗಳ ಮಂಡಳಿ ಸಭೆಯಲ್ಲಿ ನಡೆಯುವುದೇನು ಎಂಬ ಕುತೂಹಲ ಹೊರಗಿನವರಲ್ಲೂ ಹೆಚ್ಚಿದೆ. ಅದಕ್ಕೆ ಉತ್ತರ ದೊರೆಯುವುದು ಯಾರೂ ಆಸಕ್ತಿಯಿಂದ ಓದದ ಒಂದು ಕಡತದಲ್ಲಿ: ಸಭೆಯ ನಡಾವಳಿಯಲ್ಲಿ.

ಬಹುತೇಕ ಸಭೆಗಳಲ್ಲಿ ನೇಮಕಾತಿ, ನೌಕರರ ಷೇರು ಆಯ್ಕೆ ಹಾಗೂ ಬಜೆಟ್ ಮೂರು ಬೇರೆ ವಿಷಯಗಳಾಗಿ ಕಾರ್ಯಸೂಚಿಯಲ್ಲಿ ಇರುತ್ತವೆ. ವಾಸ್ತವದಲ್ಲಿ ಅವು ಒಂದೇ ಲೆಕ್ಕ. ಒಂದು ಕಾಲ್ಪನಿಕ ಖಾಸಗಿ ಕಂಪನಿಯನ್ನು ತೆಗೆದುಕೊಳ್ಳೋಣ. ಬ್ಯಾಂಕಿನಲ್ಲಿ 12 ಕೋಟಿ ರೂಪಾಯಿ ಇದೆ. ತಿಂಗಳ ಖರ್ಚು 60 ಲಕ್ಷ, ಆದಾಯ 10 ಲಕ್ಷ. ಅಂದರೆ ತಿಂಗಳಿಗೆ 50 ಲಕ್ಷ ಕರಗುತ್ತದೆ. 24 ತಿಂಗಳು ಉಸಿರಾಡಬಹುದು. ಸರಾಸರಿ ಒಂದೂವರೆ ಲಕ್ಷ ಸಂಬಳದ 20 ಮಂದಿಯನ್ನು ಸೇರಿಸಿಕೊಳ್ಳಬೇಕೆಂದು ಸ್ಥಾಪಕರು ಕೇಳುತ್ತಾರೆ. ಎಲ್ಲರೂ ಒಮ್ಮೆಗೇ ಬಂದರೆ ಆ 24 ತಿಂಗಳು 15ಕ್ಕೆ ಇಳಿಯುತ್ತದೆ. ಮುಂದಿನ ಸುತ್ತಿನ ಬಂಡವಾಳ ಎತ್ತಲು ಆರೆಂಟು ತಿಂಗಳು ಬೇಕಾಗಬಹುದಾದ್ದರಿಂದ ಹೂಡಿಕೆದಾರರು ಅಂಜುವುದು ಸಹಜ. ಸಾಮಾನ್ಯವಾಗಿ ಆಗುವ ರಾಜಿಯೆಂದರೆ, ಈಗ 10 ಮಂದಿ, ಆದಾಯ ನಿಗದಿತ ಮಟ್ಟ ಮುಟ್ಟಿದ ಮೇಲೆ ಉಳಿದ 10 ಮಂದಿ. ಆಗ ಹದಿನೆಂಟು ತಿಂಗಳಿಗೆ ಹಣ ಸಾಲುತ್ತದೆ.

ಇನ್ನು ಷೇರು ಆಯ್ಕೆ. ಕಂಪನಿಯ ಒಟ್ಟು ಷೇರು, ನೌಕರರ ಮೀಸಲು ಸೇರಿ, 10 ಲಕ್ಷ ಎನ್ನಿ. ಮೀಸಲು 1 ಲಕ್ಷ. ಈಗಾಗಲೇ ಹಂಚಿದ್ದು 82 ಸಾವಿರ. ಹೊಸಬರಿಗೆಲ್ಲ ಸೇರಿ 26 ಸಾವಿರ ಬೇಕು, ಉಳಿದಿರುವುದು 18 ಸಾವಿರ. ಮೀಸಲನ್ನು 8 ಸಾವಿರ ಹಿಗ್ಗಿಸಿದರೆ 4 ಲಕ್ಷ ಷೇರುಳ್ಳ ಸ್ಥಾಪಕನ ಪಾಲು ಶೇ. 40ರಿಂದ ಶೇ. 39.68ಕ್ಕೆ ಇಳಿಯುತ್ತದೆ. ನಷ್ಟ ಅಲ್ಪ. ತೊಡಕಿರುವುದು ಅಧಿಕಾರದಲ್ಲಿ. ಷೇರು ಆಯ್ಕೆ ಯೋಜನೆಗೆ ಮಂಡಳಿಯ ಒಪ್ಪಿಗೆಯೊಂದೇ ಸಾಲದು. 2013ರ ಕಂಪನಿ ಕಾಯಿದೆಯ 62ನೇ ಸೆಕ್ಷನ್ ಪ್ರಕಾರ ಷೇರುದಾರರ ನಿರ್ಣಯವೂ ಬೇಕು. ಖಾಸಗಿ ಕಂಪನಿಗಳಿಗೆ 2015ರಲ್ಲಿ ದೊರೆತ ವಿನಾಯಿತಿಯಿಂದ ವಿಶೇಷ ನಿರ್ಣಯದ ಬದಲು ಸಾಮಾನ್ಯ ನಿರ್ಣಯ ಸಾಕಾಗುತ್ತದೆ, ಅಷ್ಟೇ.

ಇದರ ಮೇಲೆ ಹೂಡಿಕೆ ಒಪ್ಪಂದದ ಷರತ್ತು ಬೇರೆ. ಬಜೆಟ್ ಮೀರುವುದು, ಮೀಸಲು ಹಿಗ್ಗಿಸುವುದು ಮುಂತಾದವಕ್ಕೆ ಹೂಡಿಕೆದಾರರ ಲಿಖಿತ ಸಮ್ಮತಿ ಬೇಕೆಂದು ಅಲ್ಲಿ ಬರೆದಿರುವುದು ವಾಡಿಕೆ. ಹೂಡಿಕೆದಾರರು ನೇಮಿಸಿದ ನಿರ್ದೇಶಕ ಸಭೆಯಲ್ಲಿ ತಲೆಯಾಡಿಸಿದರೆ ಸಮ್ಮತಿ ಸಿಕ್ಕಿತೆಂದು ಸ್ಥಾಪಕರು ಭಾವಿಸುವುದುಂಟು. ಆದರೆ ನಿರ್ದೇಶಕನ ಹೊಣೆ ಕಂಪನಿಗೆ. ಆತನ ಮತ ಹೂಡಿಕೆ ಸಂಸ್ಥೆಯ ಸಹಿಯಾಗುವುದಿಲ್ಲ. ವೀಕ್ಷಕರಾಗಿ ಕುಳಿತವರಿಗಂತೂ ಮತವೇ ಇಲ್ಲ.

ಆದ್ದರಿಂದಲೇ ನಡಾವಳಿಯ ಕ್ರಿಯಾಪದಕ್ಕೆ ಬೆಲೆ. 'ನೇಮಕಾತಿ ಯೋಜನೆಯನ್ನು ಮಂಡಳಿ ಗಮನಿಸಿತು' ಎಂಬುದು ಒಪ್ಪಿಗೆಯಲ್ಲ. 'ಚರ್ಚಿಸಲಾಯಿತು' ಎಂಬುದೂ ಅಲ್ಲ. 'ಅನುಮೋದಿಸಲು ನಿರ್ಣಯಿಸಲಾಯಿತು' ಎಂದಿದ್ದು, ಎಷ್ಟು ಹುದ್ದೆ, ಎಷ್ಟು ಮೊತ್ತ, ಯಾವ ಷರತ್ತು ಎಂಬುದು ಜತೆಗಿರಬೇಕು. ಕಂಪನಿ ಸೆಕ್ರೆಟರಿಗಳ ಮಾನದಂಡದಂತೆ ಸಭೆಯಾದ 15 ದಿನದೊಳಗೆ ಕರಡು ನಿರ್ದೇಶಕರಿಗೆ ಹೋಗಬೇಕು, ಆಕ್ಷೇಪಕ್ಕೆ 7 ದಿನ, 30 ದಿನದೊಳಗೆ ಪುಸ್ತಕದಲ್ಲಿ ದಾಖಲು. ಒಮ್ಮೆ ದಾಖಲಾದದ್ದನ್ನು ಮುಂದಿನ ಸಭೆಯ ಒಪ್ಪಿಗೆಯಿಲ್ಲದೆ ತಿದ್ದುವಂತಿಲ್ಲ. ತಿಂಗಳ ಬಳಿಕ ನೆನಪಿನಿಂದ ಬರೆದ ನಡಾವಳಿ ಜಗಳಕ್ಕೆ ಬೀಜ.

ಈ ಸಡಿಲಿಕೆಯ ಪೆಟ್ಟು ಬೀಳುವುದು ಬಹುಪಾಲು ಕೆಳಗಿನವರಿಗೆ. ಏಪ್ರಿಲ್‌ನಲ್ಲಿ ಕೆಲಸಕ್ಕೆ ಸೇರಿದ ಎಂಜಿನಿಯರನ ನೇಮಕ ಪತ್ರದಲ್ಲಿ '2,000 ಆಯ್ಕೆಗಳು, ಮಂಡಳಿಯ ಅನುಮೋದನೆಗೆ ಒಳಪಟ್ಟು' ಎಂದಿರುತ್ತದೆ. ಮೀಸಲು ಖಾಲಿಯಾಗಿದ್ದು ನಿರ್ಣಯ ಅಕ್ಟೋಬರ್‌ಗೆ ಮುಂದೂಡಿದರೆ, ಆಯ್ಕೆ ನೀಡಿಕೆಗೂ ಹಕ್ಕು ಕೈಸೇರುವುದಕ್ಕೂ ನಡುವೆ ಕಾನೂನು ಹೇಳುವ ಕನಿಷ್ಠ ಒಂದು ವರ್ಷ ಅಕ್ಟೋಬರ್‌ನಿಂದಲೇ ಆರಂಭ. ಮುಂದಿನ ಆಗಸ್ಟ್‌ನಲ್ಲಿ ಆತ ಕೆಲಸ ಬಿಟ್ಟರೆ ಹದಿನಾರು ತಿಂಗಳು ದುಡಿದೂ ಒಂದು ಷೇರೂ ಕೈಗೆ ಬಾರದು. ಸಂಬಳ ಕಡಿಮೆ ಒಪ್ಪಿಕೊಂಡದ್ದೇ ಈ ಷೇರಿನ ಆಸೆಗೆಂಬುದನ್ನು ಮರೆಯಬಾರದು.

ನೌಕರನಿಗೆ ಮಂಡಳಿಯ ನಡಾವಳಿ ನೋಡುವ ಹಕ್ಕಿಲ್ಲ. ಆದರೆ ಆಯ್ಕೆ ನೀಡಿಕೆಯ ಪ್ರತ್ಯೇಕ ಪತ್ರವನ್ನು ಆತ ಕೇಳಬಹುದು. ಅದರಲ್ಲಿ ನಿರ್ಣಯದ ದಿನಾಂಕ, ಆಯ್ಕೆಗಳ ಸಂಖ್ಯೆ, ಕೊಳ್ಳುವ ಬೆಲೆ ಮತ್ತು ಹಕ್ಕು ಕೈಸೇರುವ ವೇಳಾಪಟ್ಟಿ ಇವೆಯೇ ಎಂದು ನೋಡಬೇಕು. ಸೇರಿ ಮೂರು ತಿಂಗಳಾದರೂ ಆ ಪತ್ರ ಬಾರದಿದ್ದರೆ, ಮಂಡಳಿ ಇನ್ನೂ 'ಗಮನಿಸುತ್ತಲೇ' ಇರುವ ಸಾಧ್ಯತೆ ಹೆಚ್ಚು.