ಗೆರೆ ಅಕ್ಷವನ್ನು ಎಲ್ಲಿ ಮುಟ್ಟುತ್ತದೆ?

ಬೋಧನಾಭ್ಯಾಸದ ಪಾಠವೊಂದರಲ್ಲಿ ಕಿಣ್ವಗಳ ದ್ವಿ-ವ್ಯುತ್ಕ್ರಮ ನಕ್ಷೆ ಬರೆದು, "ಪ್ರತಿಬಂಧಕ ಸ್ಪರ್ಧಾತ್ಮಕವಾಗಿದ್ದರೆ ಗೆರೆ ಕಡಿದಾಗುತ್ತದೆ" ಎಂದೆ. "ಸ್ಪರ್ಧಾತ್ಮಕವಲ್ಲದ್ದರಲ್ಲೂ ಕಡಿದಾಗುತ್ತದಲ್ಲ ಸರ್?" ಎಂದಳು ಒಬ್ಬ ವಿದ್ಯಾರ್ಥಿನಿ. ನನ್ನ ಬಳಿ ಉತ್ತರವಿರಲಿಲ್ಲ.

ಮನೆಗೆ ಬಂದು ಲೆಕ್ಕ ಮಾಡಿದೆ. Km 2, Vmax 10 ಎಂದಿಟ್ಟುಕೊಳ್ಳೋಣ. ಗೆರೆಯ ಇಳಿಜಾರು Km/Vmax, ಅಂದರೆ 0.2. ಅದು ಲಂಬ ಅಕ್ಷವನ್ನು ಮುಟ್ಟುವುದು 1/Vmax, ಅಂದರೆ 0.1ರಲ್ಲಿ. ಸ್ಪರ್ಧಾತ್ಮಕ ಪ್ರತಿಬಂಧಕದಿಂದ Km ತೋರಿಕೆಗೆ 4 ಆದರೆ ಇಳಿಜಾರು 0.4. ಸ್ಪರ್ಧಾತ್ಮಕವಲ್ಲದ್ದು Vmax ಅನ್ನು 5ಕ್ಕೆ ಇಳಿಸಿದರೂ ಇಳಿಜಾರು ಅದೇ 0.4! ವಿದ್ಯಾರ್ಥಿನಿಯ ಮಾತೇ ಸರಿ. ಇಳಿಜಾರಿನಿಂದ ಇವೆರಡನ್ನು ಬೇರ್ಪಡಿಸಲಾಗದು. ಆದರೆ ಮೊದಲನೆಯ ಗೆರೆ ಲಂಬ ಅಕ್ಷವನ್ನು 0.1ರಲ್ಲೇ ಮುಟ್ಟುತ್ತದೆ, ಎರಡನೆಯದು 0.2ಕ್ಕೆ ಏರುತ್ತದೆ. ಅಡ್ಡ ಅಕ್ಷದಲ್ಲಿ ಇದು ತಿರುವುಮುರುವು: ಮೊದಲನೆಯದು -0.5ರಿಂದ -0.25ಕ್ಕೆ ಸರಿಯುತ್ತದೆ, ಎರಡನೆಯದು -0.5ರಲ್ಲೇ ನಿಲ್ಲುತ್ತದೆ.

ಕಾರಣವೂ ಅಲ್ಲಿಯೇ ಇದೆ. ಲಂಬ ಅಕ್ಷದಲ್ಲಿ 1/[S] ಸೊನ್ನೆ, ಅಂದರೆ ಆಧಾರವಸ್ತು ಮಿತಿಯಿಲ್ಲದಷ್ಟು. ಸಕ್ಸಿನೇಟ್ ಡಿಹೈಡ್ರೋಜಿನೇಸ್‌ನಲ್ಲಿ ಮ್ಯಾಲೋನೇಟ್ ಕೂರುವುದು ಸಕ್ಸಿನೇಟ್‌ನ ಜಾಗದಲ್ಲೇ. ಸಕ್ಸಿನೇಟ್ ಸುರಿದಷ್ಟೂ ಮ್ಯಾಲೋನೇಟ್ ಹೊರಬೀಳುತ್ತದೆ, Vmax ಮರಳಿ ಸಿಗುತ್ತದೆ. ಬೇರೆ ಜಾಗದಲ್ಲಿ ಕೂತ ಪ್ರತಿಬಂಧಕವನ್ನು ಆಧಾರವಸ್ತು ಹೊರದಬ್ಬಲಾರದು.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ಗೆರೆಗಳನ್ನು ಬಾಯಿಪಾಠ ಮಾಡಿಸುವ ಮೊದಲು "ಆ ಅಕ್ಷದಲ್ಲಿ ಆಧಾರವಸ್ತು ಎಷ್ಟಿರುತ್ತದೆ?" ಎಂದು ಕೇಳಬೇಕು. ಪಾಠಯೋಜನೆಯ ಮೊದಲ ಪ್ರಶ್ನೆ ಅದೇ ಆಗಲಿ.