‘ಕನಿಷ್ಠ’ ಅಂದ ಕೂಡಲೆ ಲ.ಸಾ.ಅ. ಅಲ್ರಿ

ಮನ್ಯಾಗ ಮಕ್ಕಳಿಗೆ ಗಣಿತ ಹೇಳಿಕೊಡೋ ವೈನಿಗಳು, ಅಕ್ಕಂದಿರು ಭಾಳ ಮಂದಿ ಒಂದು ಸೂತ್ರ ಹೇಳ್ತಾರ. ಲೆಕ್ಕದಾಗ ‘ಗರಿಷ್ಠ’ ಅಂತ ಇದ್ರ ಮ.ಸಾ.ಅ. ತಗಿ, ‘ಕನಿಷ್ಠ’ ಅಂತ ಇದ್ರ ಲ.ಸಾ.ಅ. ತಗಿ ಅಂತ. ನನ್ನ ಕೇಳಿದ್ರ, ಇದನ್ನ ಕಲಸಬಾರದು. ಪರೀಕ್ಷಾದಾಗ ಹುಡುಗರು ಎಡವೋದು ಇಲ್ಲೇ.

12 ಮತ್ತ 18, ಈ ಎರಡ ಸಂಖ್ಯಾ ತಗೊಂಡು ನೋಡೋಣ.

ಉಡಿ ತುಂಬಲಿಕ್ಕೆ 12 ಉತ್ತತ್ತಿ, 18 ಅಡಕಿ ಅವ. ಎಲ್ಲಾರಿಗೂ ಸಮಾ ಬರಬೇಕು, ಒಂದೂ ಉಳೀಬಾರದು. ಹೆಚ್ಚಂದ್ರ ಎಷ್ಟು ಮಂದಿಗೆ ತುಂಬಬಹುದು? ಇಲ್ಲೆ ಕೈಯಾಗ ಇದ್ದದ್ದನ್ನ ಹಂಚತೀವಿ. ಉತ್ತರ 12ನ್ನೂ ಭಾಗಿಸಬೇಕು, 18ನ್ನೂ ಭಾಗಿಸಬೇಕು. ಅದಕ್ಕ ಮ.ಸಾ.ಅ., ಅಂದ್ರ 6 ಮಂದಿ. ಒಬ್ಬೊಬ್ಬರಿಗೆ 2 ಉತ್ತತ್ತಿ, 3 ಅಡಕಿ.

ಈಗ ದೀಪಾವಳಿಗೆ ಬರ್ರಿ. ಪಣತಿ ಪಾಕೀಟಿನ್ಯಾಗ 12, ಹೂಬತ್ತಿ ಪಾಕೀಟಿನ್ಯಾಗ 18. ಪಣತಿಗೊಂದು ಬತ್ತಿ, ಏನೂ ಉಳೀಬಾರದು. ಕಡಿಮಿ ಅಂದ್ರ ಎಷ್ಟು ಪಾಕೀಟ ತರಬೇಕು? ಇಲ್ಲೆ ಹಂಚೋದಿಲ್ಲ, ಎರಡೂ ಸಮಾ ಆಗೋ ತನಕ ಪಾಕೀಟ ಕೂಡಿಸ್ಕೋತ ಹೋಗ್ತೀವಿ. 12, 24, 36. ಆ ಕಡೆ 18, 36. ಲ.ಸಾ.ಅ. 36 ಬಂತು. ಆದ್ರ 36 ಪಾಕೀಟಲ್ಲ, 36 ದೀಪ. ಪಾಕೀಟು ಪಣತಿದು 3, ಬತ್ತಿದು 2.

ಸೂತ್ರ ಇಲ್ಲೀ ತನಕ ಸರಿನ ನಡೀತು. ಮುಂದಿನ ಲೆಕ್ಕ ನೋಡ್ರಿ. ಒಂದು ಡಬ್ಬಿಯೊಳಗ 12 ಲೀಟರ್ ಶೇಂಗಾ ಎಣ್ಣಿ, ಇನ್ನೊಂದರಾಗ 18 ಲೀಟರ್ ಕುಸುಬಿ ಎಣ್ಣಿ. ಎರಡೂ ಬೆರಸದಂಗ, ಒಂದ ಅಳತಿ ಕ್ಯಾನುಗಳಿಗೆ ಪೂರ್ತಿ ತುಂಬಬೇಕು. ಕನಿಷ್ಠ ಎಷ್ಟು ಕ್ಯಾನು ಬೇಕು?

‘ಕನಿಷ್ಠ’ ನೋಡಿದ ಹುಡುಗ 36 ಅಂತ ಬರೀತಾನ. ಆದ್ರ 36 ಲೀಟರಿನ ಕ್ಯಾನು 12 ಲೀಟರ್ ಎಣ್ಣಿಯಿಂದ ಹೆಂಗ ತುಂಬತದ? ಕ್ಯಾನು ಕಡಿಮಿ ಆಗಬೇಕಂದ್ರ ಒಂದೊಂದು ಕ್ಯಾನು ದೊಡ್ಡದಾಗಬೇಕು. ಮತ್ತ ಅದು 12ನ್ನೂ 18ನ್ನೂ ಭಾಗಿಸಬೇಕು. ಹಿಂಗಾಗಿ ಮ.ಸಾ.ಅ.ನ ಬೇಕು, 6 ಲೀಟರಿನ ಕ್ಯಾನು. ಶೇಂಗಾ ಎಣ್ಣಿಗೆ 2, ಕುಸುಬಿಗೆ 3, ಒಟ್ಟು 5 ಕ್ಯಾನು.

ಅದಕ್ಕ ಹುಡುಗರಿಗೆ ಶಬ್ದ ಹುಡುಕಲಿಕ್ಕೆ ಹೇಳಬ್ಯಾಡ್ರಿ. ಒಂದ ಪ್ರಶ್ನಿ ಕೇಳ್ರಿ: ಇದ್ದದ್ದನ್ನ ಸಮಾ ಪಾಲು ಮಾಡತೀಯೋ, ಇಲ್ಲಾ ಎರಡೂ ಕೂಡೋ ತನಕ ಮುಂದ ಹೋಗ್ತೀಯೋ? ಪಾಲು ಆದ್ರ ಮ.ಸಾ.ಅ., ಕೂಡೋದಾದ್ರ ಲ.ಸಾ.ಅ.

ತಗದ ಮ್ಯಾಲ ತಾಳಿ ನೋಡಲಿಕ್ಕೂ ಒಂದು ದಾರಿ ಅದ. ಮ.ಸಾ.ಅ. ಯಾವಾಗಲೂ ಕೊಟ್ಟ ಸಣ್ಣ ಸಂಖ್ಯಾನ್ನ ಮೀರಂಗಿಲ್ಲ. ಲ.ಸಾ.ಅ. ದೊಡ್ಡ ಸಂಖ್ಯಾಕಿಂತ ಕಡಿಮಿ ಬರಂಗಿಲ್ಲ. 12 ಲೀಟರಿನ ಡಬ್ಬಿಗೆ 36 ಲೀಟರಿನ ಕ್ಯಾನು ಬಂದ್ರ, ಹುಡುಗ ತಾನ ನಕ್ಕು ಅಳಸಿ ಬರೀತಾನ.