ರಾಜೀನಾಮೆಗೆ ಮುಂಚೆ ಒಂದು ಲೆಕ್ಕ

ಕಳೆದ ಭಾನುವಾರ ಮೊಮ್ಮಗಳು ಮನೆಗೆ ಬಂದಿದ್ದಳು. ಕಾಫಿ ಕುಡಿಯುತ್ತಾ, "ತಾತ, ಕೆಲಸ ಬಿಡ್ತೀನಿ. ಇನ್ನು ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೀತೀನಿ" ಅಂದಳು. ಅವಳಪ್ಪ ಪೇಪರಿನಿಂದ ತಲೆಯನ್ನೇ ಎತ್ತಲಿಲ್ಲ. ನಾನು ಹೂಂ ಅನ್ನಲಿಲ್ಲ, ಬೇಡ ಅನ್ನಲೂ ಇಲ್ಲ. ಆಂಟನಿ ಟ್ರೊಲಪ್ ಎಂಬ ಅಂಚೆ ಗುಮಾಸ್ತರ ಕಥೆ ಹೇಳಿದೆ.

ಟ್ರೊಲಪ್ 1834ರಲ್ಲಿ ಲಂಡನ್ನಿನ ಅಂಚೆ ಕಚೇರಿಗೆ ಸೇರಿದಾಗ ಅವರಿಗೆ 19 ವರ್ಷ. ಸಂಬಳ ವರ್ಷಕ್ಕೆ 90 ಪೌಂಡ್. ಮುಂದೆ ಅಧಿಕಾರಿಯಾದರು. ಬ್ರಿಟನ್ನಿನ ಬೀದಿಬದಿಯಲ್ಲಿ ಕಂಬದಂತೆ ನಿಂತಿರುವ ಅಂಚೆಪೆಟ್ಟಿಗೆ ಬಂದದ್ದು ಅವರ ಸಲಹೆಯಿಂದಲೇ. ಆದರೆ ಅವರ ಮನಸ್ಸಿದ್ದದ್ದು ಕಾದಂಬರಿಯಲ್ಲಿ. 1847ರಲ್ಲಿ ಮೊದಲನೆಯದು ಅಚ್ಚಾಯಿತು. ಅದರಿಂದ ಒಂದು ಕಾಸೂ ಹುಟ್ಟಲಿಲ್ಲ. ನಾಲ್ಕನೆಯದಾದ 'ದಿ ವಾರ್ಡನ್' 1855ರಲ್ಲಿ ಬಂತು. ಅದರ ಮೊದಲ ಚೆಕ್ 10 ಪೌಂಡನ್ನೂ ಮುಟ್ಟಲಿಲ್ಲ. ಅಂದೇ ರಾಜೀನಾಮೆ ಕೊಟ್ಟಿದ್ದರೆ ಹೆಂಡತಿ ಮಕ್ಕಳ ಗತಿ?

ಅವರು ನೌಕರಿ ಬಿಡಲಿಲ್ಲ, ನಿದ್ದೆ ಬಿಟ್ಟರು. ಬೆಳಗಿನ ಐದೂವರೆಗೆ ಮೇಜಿನ ಮುಂದೆ ಹಾಜರು. ಎಬ್ಬಿಸಿ ಕಾಫಿ ತಂದುಕೊಡುವ ಆಳಿಗೆ ವರ್ಷಕ್ಕೆ 5 ಪೌಂಡ್ ಹೆಚ್ಚು ಸಂಬಳ. ಎದುರಿಗೆ ಗಡಿಯಾರ, ಕಾಲು ಗಂಟೆಗೆ 250 ಪದ. ಎಷ್ಟು ಪುಟ ಆಯಿತೆಂದು ದಿನವೂ ಒಂದು ಪುಸ್ತಕದಲ್ಲಿ ಗುರುತು. ಬರೆಯದ ದಿನ ಆ ಪುಟವೇ ಅವರನ್ನು ನಾಚಿಸುತ್ತಿತ್ತು.

ಬಿಟ್ಟದ್ದು 1867ರಲ್ಲಿ, 52ನೇ ವಯಸ್ಸಿಗೆ. ಅರವತ್ತಕ್ಕೆ ಮೊದಲೇ ಬಿಟ್ಟರೆ ಪಿಂಚಣಿ ಇಲ್ಲ. ಹಾಗಾಗಿ, ಕೈಬಿಡುವ ಪಿಂಚಣಿಯಷ್ಟು ವರಮಾನ ತರುವ ಗಂಟು ಕೂಡುವವರೆಗೆ ಕಾದಿದ್ದರು. ಕಾದದ್ದು ಒಳ್ಳೆಯದೇ ಆಯಿತು. ಆಗಲೇ ಒಂದು ಮಾಸಪತ್ರಿಕೆಯ ಸಂಪಾದಕರಾಗಿ ಸೇರಿದರು, ಸಂಬಳ ವರ್ಷಕ್ಕೆ 1000 ಪೌಂಡ್. ಪತ್ರಿಕೆ ಅಂದುಕೊಂಡಷ್ಟು ಮಾರಾಟವಾಗಲಿಲ್ಲ. 1870ಕ್ಕೆ ಆ ಹುದ್ದೆಯೂ ಹೋಯಿತು. ಬರವಣಿಗೆ ಮಾತ್ರ ನಿಲ್ಲಲಿಲ್ಲ.

ಮೊಮ್ಮಗಳು ಎಲ್ಲ ಕೇಳಿ, "ಅವರಿಗೆ ಬೆಳಗಿನ ಹೊತ್ತು ಇತ್ತು ತಾತ. ನಾನು ಮನೆ ಸೇರೋದೇ ರಾತ್ರಿ ಒಂಬತ್ತಕ್ಕೆ. ಪಿಂಚಣಿಯೂ ಇಲ್ಲ" ಅಂದಳು. ಆ ಮಾತು ನಿಜ. ಅವಳ ಲೆಕ್ಕ ಬೇರೆಯೇ ಆಗಬೇಕು.

ಇಬ್ಬರೂ ಕೂತು ಬರೆದೆವು. ಬಾಡಿಗೆ, ದಿನಸಿ, ವಿಮೆ, ತಂಗಿಯ ಫೀಜು ಎಲ್ಲ ಸೇರಿ ತಿಂಗಳಿಗೆ 30,000 ರೂಪಾಯಿ. ಉಳಿತಾಯ 1,80,000. ಅಂದರೆ ಆರೇ ತಿಂಗಳು. ಚಿತ್ರಕ್ಕೆ ಕೂಲಿ ಕೊಡುವವರು ಇವತ್ತಿಗೆ ಒಬ್ಬರೇ. "ಒಂದೂವರೆ ವರ್ಷದ ಖರ್ಚು ಕೂಡಲಿ, ಮೂವರು ಕೆಲಸ ಕೊಡುವವರಾಗಲಿ, ಆಮೇಲೆ ಬಿಡು" ಅಂದೆ. "ಅಲ್ಲಿಯವರೆಗೆ?" ಅಂದಳು. ಬೀರುವಿನಲ್ಲಿದ್ದ ಹಳೆಯ ಲೆಡ್ಜರ್ ಪುಸ್ತಕ ಕೊಟ್ಟೆ. ವಾರಕ್ಕೆ ಎರಡು ಚಿತ್ರ, ತಾರೀಖು ಸಮೇತ.

ನಿನ್ನೆ ಫೋನ್ ಮಾಡಿದ್ದಳು. ಮೊದಲ ವಾರದ ಕಲಮಿನಲ್ಲಿ ಒಂದೇ ಚಿತ್ರ. ಇನ್ನೊಂದರ ಜಾಗ ಖಾಲಿ ಬಿಟ್ಟಿದ್ದಾಳಂತೆ, ಅಳಿಸಿಲ್ಲವಂತೆ.